ಆರ್‌ಸಿ ಕಳೆದುಹೋದರೆ ಎಫ್‌ಐಆರ್ ಎಲ್ಲಿಂದ ತರೋದು?

ಇವತ್ತು ಆರ್‌ಟಿಓ ಕೌಂಟರಿನಲ್ಲಿ ನೋಡಿದ್ದು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತಿದೆ. ಹಳೇ ಬೈಕು ಕೊಂಡು ಮಾರುವ ನನಗೆ ಅಲ್ಲಿನ ಓಡಾಟ ಹೊಸದಲ್ಲ, ನಿಮಗೂ ಗೊತ್ತು. ನನ್ನ ಮುಂದೆ ವಯಸ್ಸಾದ ಯಜಮಾನರೊಬ್ಬರು ನಿಂತಿದ್ದರು. ತುಮಕೂರಿನಿಂದ ಬೆಂಗಳೂರಿಗೆ ಬಸ್ಸಲ್ಲಿ ಬರುವಾಗ ಪರ್ಸ್ ಕಳೆದಿದೆ, ಅದರಲ್ಲೇ ಸ್ಕೂಟರಿನ ಆರ್‌ಸಿ ಕಾರ್ಡ್ ಇತ್ತು. ವಸ್ತು ಕಳೆದಿದೆ ಅಂತ ಪೊಲೀಸರಿಗೆ ಆನ್‌ಲೈನಲ್ಲಿ ತಿಳಿಸುವ ಇ-ಲಾಸ್ಟ್ ವರದಿಯ ಪ್ರಿಂಟ್ ತೆಗೆದುಕೊಂಡು ಸರಿಯಾಗಿಯೇ ಬಂದಿದ್ದರು. ಕೌಂಟರಿನವರು ಅದನ್ನು ಹಿಂದಕ್ಕೆ ತಳ್ಳಿ, "ಇದೆಲ್ಲ ನಡೆಯಲ್ಲ, ಎಫ್‌ಐಆರ್ ತನ್ನಿ" ಅಂದರು.

"ಕಳೆದಿದ್ದಕ್ಕೆ ಎಫ್‌ಐಆರ್ ಹಾಕಲ್ಲ ಅಂತಾರೆ ಸಾರ್ ಸ್ಟೇಷನ್ನಲ್ಲಿ."

"ಅದು ನಿಮ್ಮಿಬ್ಬರ ವಿಷ್ಯ."

ಸ್ಟೇಷನ್ನಿನವರು ಹೇಳಿದ್ದೇ ಸರಿ ಅಲ್ವಾ? ಎಫ್‌ಐಆರ್ ಹಾಕೋದು ಅಪರಾಧ ನಡೆದಾಗ. ಜೇಬಿನಿಂದ ಕಾರ್ಡ್ ಬಿದ್ದುಹೋದರೆ ಅಪರಾಧಿ ಯಾರು? ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಇದರ 53ನೇ ನಿಯಮ ಕೇಳೋದು ಇಷ್ಟೇ: ಆರ್‌ಸಿ ಕಳೆದ ಜಾಗ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೆ ತಿಳಿಸಿ, ಆರ್‌ಸಿ ಕೊಟ್ಟ ಆರ್‌ಟಿಓಗೂ ಬರೆದು ತಿಳಿಸಿ, ಆಮೇಲೆ ಡುಪ್ಲಿಕೇಟ್ ಆರ್‌ಸಿಗೆ ಅರ್ಜಿಯಾದ ಫಾರಂ 26 ಹಾಕಿ. ಆ ಫಾರಂನಲ್ಲೂ ಠಾಣೆಗೆ ಯಾವತ್ತು ತಿಳಿಸಿದಿರಿ ಅಂತ ಕೇಳಿದೆ, ಎಫ್‌ಐಆರ್ ಮಾತೇ ಇಲ್ಲ.

ಇನ್ನು ಆ ವ್ಯಾಪ್ತಿಯದ್ದೇ ಒಂದು ಗೋಳು. ಬಸ್ಸಲ್ಲಿ ಕಳೆದವರು ಯಾವ ಠಾಣೆ ಅಂತ ಹೇಳಬೇಕು? ನೆಲಮಂಗಲದವರು ತುಮಕೂರಿಗೆ ಹೋಗಿ ಅಂತಾರೆ, ತುಮಕೂರಿನವರು ನೀವು ಬಸ್ಸಿಳಿದಿದ್ದು ಬೆಂಗಳೂರಲ್ಲಿ ತಾನೇ ಅಂತಾರೆ. ಈ ಅಲೆದಾಟ ತಪ್ಪಲಿ ಅಂತಲೇ ಇ-ಲಾಸ್ಟ್ ಬಂದಿದ್ದು. ಮನೆಯಲ್ಲೇ ಕೂತು ಹಾಕಬಹುದು. ಒಂದು ಇಲಾಖೆ ಕಷ್ಟಪಟ್ಟು ಸುಲಭ ಮಾಡಿದ್ದನ್ನು ಇನ್ನೊಂದು ಇಲಾಖೆಯ ಕೌಂಟರ್ ಒಂದೇ ಮಾತಲ್ಲಿ ತಳ್ಳಿಹಾಕಿದರೆ ಜನ ಎಲ್ಲಿಗೆ ಹೋಗಬೇಕು? ಹೋಗೋದು ಹೊರಗೆ ಮರದ ಕೆಳಗೆ ಕೂತ ಏಜೆಂಟ್ ಹತ್ತಿರ. ಬೈಕಿನ ಡುಪ್ಲಿಕೇಟ್ ಆರ್‌ಸಿಗೆ ಸರ್ಕಾರದ ಶುಲ್ಕ 150 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ ಮೇಲೆ 200. ಅದರ ಎಷ್ಟೋ ಪಟ್ಟು ಏಜೆಂಟ್ ಕೇಳುತ್ತಾನೆ. ಅವನ ಕೈಯಿಂದ ಹೋದಾಗ ಅದೇ ಇ-ಲಾಸ್ಟ್ ಪ್ರಿಂಟ್ ಪಾಸಾಗೋದನ್ನು ನಾನೇ ಕಣ್ಣಾರೆ ನೋಡಿದ್ದೇನೆ!

ಎಫ್‌ಐಆರ್ ಕೇಳೋದು ಮೋಸ ತಡೆಯೋಕೆ ಅಂತ ಕೆಲವರು ಹೇಳುತ್ತಾರೆ. ಮೋಸ ಇರೋದು ನಿಜ. ಆರ್‌ಸಿ ಅಡ ಇಟ್ಟು ಸಾಲ ತಗೊಂಡು, ಕಳೆದಿದೆ ಅಂತ ಹೇಳಿ ಡುಪ್ಲಿಕೇಟ್ ಮಾಡಿಸಿ ಗಾಡಿ ಮಾರಿದವರನ್ನು ನನ್ನ ವ್ಯಾಪಾರದಲ್ಲೇ ಕಂಡಿದ್ದೇನೆ. ಆದರೆ ಸುಳ್ಳು ಹೇಳುವವನು ಎಫ್‌ಐಆರಿಗೂ ಸುಳ್ಳೇ ಹೇಳುತ್ತಾನೆ. ಬ್ಯಾಂಕ್ ಸಾಲ ಇರೋ ಗಾಡಿಗೆ ಫಾರಂ 26ರಲ್ಲಿ ಬ್ಯಾಂಕಿನವರ ಸಹಿ ಬೇಕೇ ಬೇಕು, ಅದು ನಿಜವಾದ ತಡೆ. ಸಾಲ ತೀರಿದ ಮೇಲೂ ಎಷ್ಟೋ ಜನ ಹೈಪೋಥಿಕೇಷನ್, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನೋ ನಮೂದು, ತೆಗೆಸಿರೋದಿಲ್ಲ, ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ.

ಡಿಜಿಲಾಕರ್‌ನಲ್ಲಿ ಇದೆಯಲ್ಲ, ಕಾರ್ಡ್ ಯಾಕೆ ಅನ್ನುವವರಿಗೂ ಒಂದು ಮಾತು. ರಸ್ತೆಯಲ್ಲಿ ಪೊಲೀಸರಿಗೆ ತೋರಿಸೋಕೆ ಅದು ಸಾಕು. ಗಾಡಿ ಮಾರೋಕೆ ಹೋಗಿ, ಮೊದಲು ಕೇಳೋದೇ ಒರಿಜಿನಲ್ ಕಾರ್ಡ್.

ಹಾಗಂತ ಎಫ್‌ಐಆರ್ ಯಾವಾಗಲೂ ಬೇಡ ಅಂತಲ್ಲ. ಬ್ಯಾಗ್ ಕಿತ್ತುಕೊಂಡು ಹೋದರೆ, ಡಿಕ್ಕಿ ಒಡೆದು ಕದ್ದರೆ ಅದು ಕಳ್ಳತನ. ಆಗ "ಕಳೆದಿದೆ ಅಂತ ಬರೆದುಕೊಡಿ, ಬೇಗ ಆಗುತ್ತೆ" ಅಂತ ಸ್ಟೇಷನ್ನಿನಲ್ಲಿ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಎಫ್‌ಐಆರ್ ಹಾಕಿಸಿ, ವ್ಯಾಪ್ತಿ ಬೇರೆಯಾದರೂ ಜೀರೋ ಎಫ್‌ಐಆರ್ ಹಾಕಬೇಕು, ಅದರ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು. ಇನ್ನು ಕಾರ್ಡ್ ಮುರಿದಿದ್ದರೆ, ಹರಿದಿದ್ದರೆ ಪೊಲೀಸರ ಹತ್ತಿರ ಹೋಗೋದೇ ಬೇಡ, ಆ ಹಳೇದನ್ನೇ ಅರ್ಜಿಗೆ ಲಗತ್ತಿಸಿ.

ಇ-ಲಾಸ್ಟ್ ಹಾಕುವಾಗ ಸುಮ್ನೆ "ಗಾಡಿ ದಾಖಲೆ" ಅಂತ ಬರೆಯಬೇಡಿ. ಆರ್‌ಸಿ ಅಂತಲೇ ಬರೆದು ಗಾಡಿ ನಂಬರ್, ಚಾಸಿ ನಂಬರ್, ಎಂಜಿನ್ ನಂಬರ್ ಹಾಕಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಎಲ್ಲವೂ ಸಿಗುತ್ತವೆ. ಒಂದು ಅಕ್ಷರ ತಪ್ಪಿದರೂ ವಾಪಸ್ ಕಳಿಸೋಕೆ ಅವರಿಗೆ ನೆಪ ಸಿಕ್ಕಂತೆ.

ಆ ಯಜಮಾನರಿಗೆ ನಾನು ಹೇಳಿದ್ದು ಇಷ್ಟೇ: "ಸಾರ್, 53ನೇ ನಿಯಮದ ಪ್ರಿಂಟ್ ಜೊತೆಗಿಟ್ಟುಕೊಳ್ಳಿ. ಅರ್ಜಿ ತಗೊಳ್ಳಲ್ಲ ಅಂದರೆ ಯಾಕೆ ಅಂತ ಬರೆದುಕೊಡಿ ಅಂತ ಕೇಳಿ." ನಾಳೆ ನಾನೂ ಅವರ ಜೊತೆ ಹೋಗುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಇ-ಲಾಸ್ಟ್ ವರದಿ ಮೇಲೆಯೇ ಏಜೆಂಟ್ ಇಲ್ಲದೆ ಡುಪ್ಲಿಕೇಟ್ ಸಿಕ್ಕಿದ್ದರೆ ಕೆಳಗೆ ಬರೆಯಿರಿ, ಅದನ್ನೂ ಅಲ್ಲಿ ಹೇಳುತ್ತೇನೆ.