ಅವಸರ ಎಂತದು, ದೊಡ್ಡಮ್ಮ?

ಭಾನುವಾರ ಸುರತ್ಕಲ್‌ಗೆ ಹೋಗಿ ಬಂದೆ. ಇವತ್ತು ಶುಕ್ರವಾರ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅದಕ್ಕೆ ಇಲ್ಲಿ ಬರೆದು ಮುಗಿಸುತ್ತೇನೆ.

ದೊಡ್ಡಮ್ಮನ ಮೊಮ್ಮಗಳ ಮಗುವಿಗೆ ಏಳು ತಿಂಗಳು. ಗುಂಡು ಗುಂಡಾಗಿ ಚಂದ ಉಂಟು. ಆದರೆ ಎರಡೂ ಕೆನ್ನೆ ಕೆಂಪು, ಮೊಣಕೈ ಒಳಗೆ ಒರಟು ಒರಟು, ಯಾವಾಗ ನೋಡಿದರೂ ತೋಳಿಗೆ ಮುಖ ಉಜ್ಜಿಕೊಳ್ಳುತ್ತದೆ. ಇಸುಬು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಮನೆಯವರು ಅದಕ್ಕೆ 'ಚಳಿಗೆ ಒಡೆದದ್ದು' ಅಂತ ಹೆಸರಿಟ್ಟಿದ್ದಾರೆ. ಮಂಗಳೂರಲ್ಲಿ ಚಳಿ!

ಮಗುವಿಗೆ ಎಂತೆಲ್ಲ ಕೊಡ್ತೀರಿ ಅಂತ ಕೇಳಿದೆ. ರಾಗಿ ಮಣ್ಣಿ, ಗಂಜಿ ತಿಳಿ, ಬಾಳೆಹಣ್ಣು. ಮೊಟ್ಟೆ? ಅಡುಗೆಮನೆಯಿಂದ ದೊಡ್ಡಮ್ಮನ ಸ್ವರ ಬಂತು. "ಒಂದು ವರ್ಷ ಆಗ್ಲಿ. ಮೊಟ್ಟೆ ಉಷ್ಣ. ಮೈಯಲ್ಲಿ ಹೀಗೆ ಎದ್ದಿರುವಾಗ ಯಾರಾದ್ರೂ ಕೊಡ್ತಾರಾ? ಅವಸರ ಎಂತದು?"

ಇದನ್ನು ಹೇಳುವ ಹೊತ್ತಿಗೆ ಭಾವ ಮೇಜಿನ ಮುಂದೆ ಕೂತು ಆಮ್ಲೆಟ್ ಮುರಿದು ತಿನ್ನುತ್ತಿದ್ದರು. ತಿಂದು, ಲುಂಗಿಗೆ ಕೈ ಒರೆಸಿ, ಮಗುವಿನ ಅದೇ ಒಡೆದ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಮುದ್ದು ಮಾಡಿದರು. ನನ್ನ ತಲೆ ಬಿಸಿಯಾದದ್ದು ಆಗ.

ಮಗುವಿಗೆ ಮೊಟ್ಟೆ ಕೊಡುವುದಿಲ್ಲ ಅಂತ ಅವರು ಅಂದುಕೊಂಡಿದ್ದಾರೆ. ದಿನವೂ ಕೊಡುತ್ತಿದ್ದಾರೆ. ಬಾಯಿಗೆ ಅಲ್ಲ, ಚರ್ಮಕ್ಕೆ. ಮೊಟ್ಟೆ ತಿನ್ನುವ ಮನೆಯಲ್ಲಿ ಹಾಸಿಗೆಯ ಧೂಳಿನಲ್ಲೂ ಅದರ ಪ್ರೋಟೀನ್ ಇರುತ್ತದೆ. ಹೊಟ್ಟೆಯ ದಾರಿಯಲ್ಲಿ ಬಂದದ್ದನ್ನು ಮಗುವಿನ ದೇಹ ಹೆಚ್ಚಾಗಿ 'ಊಟ' ಅಂತ ಒಪ್ಪಿಕೊಳ್ಳುತ್ತದೆ. ಒಡೆದ ಚರ್ಮದ ಮೂಲಕ ನುಗ್ಗಿದ್ದನ್ನು 'ಕಳ್ಳ' ಅಂತ ಗುರುತಿಟ್ಟುಕೊಳ್ಳುವ ಸಾಧ್ಯತೆ ಜಾಸ್ತಿ. ಮೊದಲು ಯಾವ ಬಾಗಿಲಿಂದ ಪರಿಚಯ ಆಗುತ್ತದೆ ಅನ್ನುವುದೇ ಇಲ್ಲಿ ವಿಷಯ. ನೀವು ಒಂದು ವರ್ಷ ಕಾಯ್ತೀರಿ. ಚರ್ಮ ಕಾಯುವುದಿಲ್ಲ.

ಹನ್ನೊಂದು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಇವಳಿಗೆ ಭಾಷಣ ಮಾಡುವ ಚಟ ಅಂತ ನಿಮಗೆ ಅನಿಸಬಹುದು. ಚಟ ಹೌದು. ಆದರೆ ಈ ಸಿಟ್ಟಿಗೆ ಬೇರೆ ಕಾರಣ ಉಂಟು. ನಾನೂ ಕಾದಿದ್ದೆ.

ಮಗಳು ಹುಟ್ಟಿದ್ದು 2014ರಲ್ಲಿ. ಅವಳ ಕೆನ್ನೆಯೂ ಹೀಗೇ ಇತ್ತು. ಹಿಂದೆ ನಾವು ಕಲಿತದ್ದೇ ಕಾಯಬೇಕು ಅಂತ. ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಅಲರ್ಜಿಯ ಮನೆತನದ ಮಕ್ಕಳಿಗೆ ಎರಡು ವರ್ಷದವರೆಗೆ ಮೊಟ್ಟೆ ಬೇಡ ಅಂದಿತ್ತು. ಕಾದು ಲಾಭ ಇಲ್ಲ ಅಂತ ಕಂಡು 2008ರಲ್ಲಿ ಅದೇ ಸಂಘ ಆ ಮಾತು ಕೈಬಿಟ್ಟಿತು. ಅಂದರೆ ನನ್ನ ಮಗಳು ಹುಟ್ಟುವ ಆರು ವರ್ಷ ಮೊದಲು. ವಾರ್ಡಿನಲ್ಲಿ ಬೇರೆ ತಾಯಂದಿರಿಗೆ "ಆರು ತಿಂಗಳಿಗೆ ಶುರು ಮಾಡಿ" ಅಂತ ಹೇಳುತ್ತಿದ್ದ ನಾನೇ ಮನೆಯಲ್ಲಿ ಹಳೆಯ ಪಾಠ ಹಿಡಿದು ಕೂತೆ. ಹೆದರಿಕೆ, ಅಷ್ಟೇ. ಬೇರೆಯವರ ಮಗುವಿಗೆ ಧೈರ್ಯ ಹೇಳುವುದು ಸುಲಭ.

ಹದಿಮೂರು ತಿಂಗಳಿಗೆ ಮೊದಲ ಸಲ ಕೊಟ್ಟೆ. ಅದೂ ಎಂತದು, ಒಗ್ಗರಣೆಯ ತವಾದಲ್ಲಿ ಗಡಿಬಿಡಿಯಲ್ಲಿ ಮಾಡಿದ, ಅರ್ಧ ಬೆಂದ ಬುರ್ಜಿ. ಎರಡು ಚಮಚ. ಹತ್ತು ನಿಮಿಷಕ್ಕೆ ಕಿವಿ ಉಜ್ಜತೊಡಗಿದಳು. ಮೇಲಿನ ತುಟಿ ಜೇನುಹುಳ ಕಚ್ಚಿದ ಹಾಗೆ ಊದಿತು. ಹೊಟ್ಟೆ ಬೆನ್ನಿನ ಮೇಲೆ ಪಿತ್ತದ ಗಂಧೆ ಎದ್ದಿತು, ಒಂದು ಕಡೆ ಇಳಿದರೆ ಇನ್ನೊಂದು ಕಡೆ. ಒಂದು ಸಲ ವಾಂತಿ. ಅಷ್ಟಕ್ಕೇ ನಿಂತದ್ದು ನನ್ನ ಪುಣ್ಯ.

ಮೊಟ್ಟೆಯ ಅಲರ್ಜಿ ಹೆಚ್ಚಾಗಿ ಹೀಗೇ ಬರುವುದು. ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ. ಬಾಯಿಯ ಸುತ್ತ ತಾಗಿದಲ್ಲಿ ಮಾತ್ರ ಸ್ವಲ್ಪ ಕೆಂಪಾಗಿ, ತೊಳೆದ ಮೇಲೆ ಹೋದರೆ ಅದು ಬರೇ ಉರಿ ಇರಬಹುದು. ತಾಗದ ಜಾಗದಲ್ಲಿ, ಅಂದರೆ ಹೊಟ್ಟೆ, ತೊಡೆ, ಕಣ್ಣಿನ ರೆಪ್ಪೆಯಲ್ಲಿ ಎದ್ದರೆ ಅಲರ್ಜಿ ಅಂತಲೇ ತಿಳಿದು ಡಾಕ್ಟರರ ಹತ್ತಿರ ಹೋಗಬೇಕು. ಕೆಮ್ಮು ಬಿಡದೆ ಬಂದರೆ, ಉಸಿರಿಗೆ ಸುಂಯ್ ಅಂತ ಸದ್ದಿದ್ದರೆ, ಅಳುವ ಸ್ವರ ಒಡೆದರೆ, ಮಗು ಬಿಳಿಚಿಕೊಂಡು ಬಟ್ಟೆಯ ಹಾಗೆ ಜೋತುಬಿದ್ದರೆ ಮನೆಯಲ್ಲಿರುವ ಅಲರ್ಜಿ ಸಿರಪ್ ನಂಬಿ ಕೂರಬೇಡಿ. ಅದು ತುರಿಕೆ ಇಳಿಸುತ್ತದೆ, ಉಸಿರು ಉಳಿಸುವುದಿಲ್ಲ. ಆಗ ಬೇಕಾದದ್ದು ತೊಡೆಯ ಹೊರಬದಿಗೆ ಅಡ್ರಿನಲಿನ್ ಇಂಜೆಕ್ಷನ್. ಮಗುವನ್ನು ಮಲಗಿಸಿಕೊಂಡೇ ಎಮರ್ಜೆನ್ಸಿಗೆ ಓಡಬೇಕು. ಇನ್ನೊಂದು ಜಾತಿಯೂ ಉಂಟು, ಅಪರೂಪದ್ದು. ಮೈಮೇಲೆ ಒಂದೂ ಗುಳ್ಳೆ ಇಲ್ಲ, ತಿಂದು ಒಂದರಿಂದ ನಾಲ್ಕು ಗಂಟೆಯ ನಂತರ ವಾಂತಿಯ ಮೇಲೆ ವಾಂತಿ. ಅದನ್ನು ಎಲ್ಲರೂ 'ಹೊಟ್ಟೆ ಕೆಟ್ಟಿದೆ' ಅಂತ ಬಿಟ್ಟುಬಿಡುತ್ತಾರೆ.

"ನೋಡು, ನಿನ್ನ ಮಗಳಿಗೇ ಆಯ್ತಲ್ಲ, ಅದಕ್ಕೇ ಬೇಡ ಅನ್ನುವುದು" ಅಂತ ದೊಡ್ಡಮ್ಮ ಭಾನುವಾರ ಸರಿಯಾಗಿ ಇಲ್ಲಿಗೇ ಬಾಣ ಬಿಟ್ಟರು. ಮಾತು ಕೇಳುವುದಕ್ಕೆ ಸರಿ ಉಂಟು. ಇಸುಬು ಇರುವ ಮಗುವಿಗೆ ಅಪಾಯ ಜಾಸ್ತಿ, ಹಾಗಾಗಿ ದೂರ ಇಡುವ. ಆದರೆ ಜಪಾನಿನಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ, 2017ರಲ್ಲಿ ಪ್ರಕಟವಾಯಿತು. ಎಲ್ಲ ಇಸುಬು ಇದ್ದ ಮಕ್ಕಳೇ. ಮೊದಲು ಮುಲಾಮು ಹಚ್ಚಿ ಚರ್ಮವನ್ನು ಹದಕ್ಕೆ ತಂದರು. ಆಮೇಲೆ ಅರ್ಧದಷ್ಟು ಮಕ್ಕಳಿಗೆ ಆರು ತಿಂಗಳಿಂದ ದಿನಕ್ಕೆ 50 ಮಿಲಿಗ್ರಾಂ ಬೇಯಿಸಿದ ಮೊಟ್ಟೆಯ ಪುಡಿ. ಅದು ಬೇಯಿಸಿದ ಮೊಟ್ಟೆಯ 0.2 ಗ್ರಾಂಗೆ ಸಮ, ಹತ್ತಿರ ಹತ್ತಿರ ಒಂದು ಕಡಲೆಕಾಳಿನಷ್ಟು. ಒಂಬತ್ತು ತಿಂಗಳಿಂದ ಅದರ ಐದು ಪಟ್ಟು. ಉಳಿದ ಮಕ್ಕಳಿಗೆ ಮೊಟ್ಟೆ ಇಲ್ಲದ ಪುಡಿ. ಒಂದು ವರ್ಷಕ್ಕೆ ನೋಡಿದರೆ ಮೊಟ್ಟೆ ತಿಂದವರಲ್ಲಿ ನೂರಕ್ಕೆ 8 ಮಕ್ಕಳಿಗೆ ಅಲರ್ಜಿ. ಕಾದವರಲ್ಲಿ 38. ಕಡಲೆಕಾಳಿನಷ್ಟರಿಂದ ಶುರು ಮಾಡಿದ್ದಕ್ಕೆ ಇಷ್ಟು ವ್ಯತ್ಯಾಸ, ಮಾರಾಯ್ರೆ.

ಮೊಟ್ಟೆಯನ್ನೇ ತಿನ್ನದ ಮನೆಗಳು ನಮ್ಮ ಊರಲ್ಲಿ ಎಷ್ಟೋ ಉಂಟು, ಅವರನ್ನು ನಾನು ಏನೂ ಹೇಳುತ್ತಿಲ್ಲ. ಇದು ವಾರಕ್ಕೆ ಎರಡು ಟ್ರೇ ಮೊಟ್ಟೆ ತರುವ ಮನೆಯ ಕಥೆ.

ಹಾಗಾದರೆ ಕೊಡುವುದು ಹೇಗೆ? ಆರು ತಿಂಗಳ ಹೊತ್ತಿಗೆ. ಮಗುವಿನ ಕುತ್ತಿಗೆ ನಿಂತಿರಬೇಕು, ಆಸರೆ ಕೊಟ್ಟರೆ ಕೂರಬೇಕು. ನಾಲ್ಕು ತಿಂಗಳ ಒಳಗೆ ಖಂಡಿತ ಬೇಡ. ಹತ್ತು ಹನ್ನೆರಡು ನಿಮಿಷ ಕುದಿಸಿ, ಹಳದಿ ಪೂರ್ತಿ ಗಟ್ಟಿಯಾಗಲಿ. ನುಣ್ಣಗೆ ಹಿಸುಕಿ ಮಣ್ಣಿಗೋ ಗಂಜಿಗೋ ಸೇರಿಸಿ. ಮೊದಲ ದಿನ ಕಾಲು ಚಮಚಕ್ಕಿಂತ ಜಾಸ್ತಿ ಬೇಡ. ಬೆಳಿಗ್ಗೆ ಕೊಡಿ, ಎರಡು ಗಂಟೆ ಕಣ್ಣೆದುರೇ ಇರಲಿ. ರಾತ್ರಿ ಕೊಟ್ಟು ಮಲಗಿಸಿದರೆ ನೋಡುವವರು ಯಾರು? ಆ ದಿನ ಬೇರೆ ಹೊಸ ತಿಂಡಿ ಬೇಡ, ಜ್ವರ ಶೀತ ಇರುವಾಗಲೂ ಬೇಡ. ಏನೂ ಆಗದಿದ್ದರೆ ಸ್ವಲ್ಪ ಸ್ವಲ್ಪ ಏರಿಸಿ, ವಾರಕ್ಕೆ ಎರಡು ಸಲವಾದರೂ ಕೊಡುತ್ತಿರಿ. ಒಮ್ಮೆ ಕೊಟ್ಟು ಮೂರು ತಿಂಗಳು ಮರೆತುಬಿಡಬೇಡಿ. ಇಸುಬು ಜೋರಾಗಿದ್ದರೆ ಮೊದಲು ಚರ್ಮಕ್ಕೆ ಔಷಧ, ಡಾಕ್ಟರರ ಮಾತು, ಆಮೇಲೆ ಮೊಟ್ಟೆ.

ಹಳದಿ ಮಾತ್ರ ಕೊಟ್ಟು "ಮೊಟ್ಟೆ ಆಯ್ತು" ಅನ್ನುವವರಿದ್ದಾರೆ. ಅಲರ್ಜಿ ಮಾಡುವ ಮುಖ್ಯ ಪ್ರೋಟೀನುಗಳು ಇರುವುದು ಬಿಳಿಯಲ್ಲಿ. ಅದರ ಪರಿಚಯವೇ ಆಗದಿದ್ದರೆ ಎಂತ ಆಯ್ತು?

ಮಗಳ ಕಥೆಗೆ ವಾಪಸ್ ಬರುತ್ತೇನೆ. ಎರಡೂಕಾಲು ವರ್ಷದಲ್ಲಿ ಡಾಕ್ಟರರು ಅವಳಿಗೆ ಕೇಕ್ ತಿನ್ನಿಸಿ ನೋಡುವ ಅಂದರು. ಆಸ್ಪತ್ರೆಯಲ್ಲೇ, ಔಷಧ ಎದುರಿಗೆ ಇಟ್ಟುಕೊಂಡು. ಎರಡು ಮೊಟ್ಟೆಗೆ ಹತ್ತು ಕಪ್ ಕೇಕ್, 180 ಡಿಗ್ರಿಯಲ್ಲಿ ಅರ್ಧ ಗಂಟೆ. ಮೊದಲು ಒಂದು ಚೂರು, ಕಾಯುವುದು, ಆಮೇಲೆ ದೊಡ್ಡ ಚೂರು. ಪೂರ್ತಿ ತಿಂದಳು. ಏನೂ ಆಗಲಿಲ್ಲ. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅತ್ತೆ.

ಬುರ್ಜಿಗೆ ಊದಿದ ಮಗು ಕೇಕ್ ತಿನ್ನುವುದು ಹೇಗೆ? ಯಕ್ಷಗಾನ ನೋಡುವವರಿಗೆ ಇದು ಸುಲಭ. ಕಿರೀಟ, ಬಣ್ಣ ನೋಡಿ ಮಾತ್ರ ವೇಷಧಾರಿಯನ್ನು ಗುರುತಿಸುವವರು ಚೌಕಿಯಲ್ಲಿ ಬಣ್ಣ ಕಳಚಿದವನನ್ನು ಕಂಡರೆ ಯಾರೋ ಅಂದುಕೊಳ್ಳುತ್ತಾರೆ. ಸ್ವರದಿಂದ ಗುರುತಿಸುವವರು ಬಿಡುವುದಿಲ್ಲ. ಮೊಟ್ಟೆಯ ಬಿಳಿಯಲ್ಲಿ ಓವಾಲ್ಬುಮಿನ್ ಅನ್ನುವುದು ಜಾಸ್ತಿ, ಜೋರು ಬಿಸಿಗೆ ಅದರ ವೇಷ ಕಳಚುತ್ತದೆ. ಓವೊಮ್ಯುಕಾಯ್ಡ್ ಅನ್ನುವ ಇನ್ನೊಂದು ಬಿಸಿಗೆ ಸುಲಭದಲ್ಲಿ ಬಗ್ಗುವುದಿಲ್ಲ. ಆದರೆ ಮೈದಾ ಹಿಟ್ಟಿನ ಜೊತೆ ತುಂಬ ಹೊತ್ತು ಬೆಂದರೆ ಅದೂ ಹಿಟ್ಟಿನಲ್ಲಿ ಸಿಕ್ಕಿಬೀಳುತ್ತದೆ. ಮೊಟ್ಟೆ ಆಗದ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿಯ ಐಜಿಇ, ಅಂದರೆ ಅಲರ್ಜಿಯ ಪ್ರತಿಕಾಯ, ವೇಷ ನೋಡಿಯೇ ಗುರುತಿಸುವಂಥದ್ದು. ಹಾಗಾಗಿ ಅವರಿಗೆ ಕೇಕ್ ಆಗುತ್ತದೆ. ಇವರೇ ಬೇಗ ಗುಣವಾಗುವವರೂ. ದಿನ ಹೋದ ಹಾಗೆ ಐಜಿಇ ಇಳಿಯುತ್ತದೆ, ಜಗಳ ಬಿಡಿಸುವ ಬೇರೆ ಕಣಗಳು ಬಲವಾಗುತ್ತವೆ. ಮೆಲ್ಬರ್ನ್‌ನ ಮಕ್ಕಳ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಮೊಟ್ಟೆ ಅಲರ್ಜಿ ಇದ್ದವರಲ್ಲಿ ಹತ್ತಿರ ಅರ್ಧದಷ್ಟು ಮಕ್ಕಳಿಗೆ ಎರಡು ವರ್ಷಕ್ಕೆ ಅದು ಹೋಗಿತ್ತು. ಕೇಕಿಗೂ ಮೈ ಏಳುವ, ಐಜಿಇ ತುಂಬ ಜಾಸ್ತಿ ಇರುವ ಮಕ್ಕಳಿಗೆ ಮಾತ್ರ ವರ್ಷಗಟ್ಟಲೆ ಹಿಡಿಯುತ್ತದೆ.

ಇದನ್ನು ಓದಿ ಯಾರೂ ನಾಳೆ ಬೇಕರಿಯಿಂದ ಎಗ್ ಪಫ್ಸ್ ತಂದು ಅಲರ್ಜಿಯ ಮಗುವಿಗೆ ತಿನ್ನಿಸಬೇಡಿ. ಅದರೊಳಗಿರುವುದು ಬೇಯಿಸಿದ ಮೊಟ್ಟೆಯೇ, ಹಿಟ್ಟು ಹೊರಗೆ. ಕೇಕಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಒಮ್ಮೆ ಅಲರ್ಜಿ ಆದ ಮಗುವಿಗೆ ಮನೆಯಲ್ಲಿ ಪರೀಕ್ಷೆ ಬೇಡವೇ ಬೇಡ. ಹಾಗೆಯೇ ಮೊಟ್ಟೆ ಆಗುವುದಿಲ್ಲ ಅಂತ ಒಂಬತ್ತು ತಿಂಗಳ ದಡಾರ ಲಸಿಕೆ ತಪ್ಪಿಸಬೇಡಿ, ಅದನ್ನು ಈ ಮಕ್ಕಳಿಗೂ ಕೊಡಬಹುದು.

ಮಗಳು ಎರಡು ವರ್ಷ ವಾರಕ್ಕೆ ಎರಡು ಮೂರು ಕೇಕ್ ತಿಂದಳು. ನಾಲ್ಕೂವರೆಗೆ ಆಸ್ಪತ್ರೆಯಲ್ಲಿ ಬೇಯಿಸಿದ ಮೊಟ್ಟೆಯೂ ಆಯಿತು. ಈಗ ಮೊಟ್ಟೆ ಗಸಿ ಇದ್ದರೆ ನನಗೆ ಉಳಿಸುವುದಿಲ್ಲ. ಆದರೆ ಆ ಮೂರು ವರ್ಷ ಪ್ರತಿ ಹುಟ್ಟುಹಬ್ಬಕ್ಕೂ ನಾನು ಬಾಗಿಲಲ್ಲಿ ಪೊಲೀಸಿನ ಹಾಗೆ ನಿಂತದ್ದು, ಅದು ಬೇಕಿತ್ತಾ?

ಸೋಮವಾರ ಮಗುವನ್ನು ಡಾಕ್ಟರರಿಗೆ ತೋರಿಸಿದ್ದಾರೆ. ಮುಲಾಮು ಹಚ್ಚಿ ಮೂರೇ ದಿನಕ್ಕೆ ಕೆನ್ನೆ ಇಳಿಯಿತಂತೆ. ಇವತ್ತು ಬೆಳಿಗ್ಗೆ ಮಗುವಿನ ಅಮ್ಮ ಫೋನ್ ಮಾಡಿದಳು. "ಚಿಕ್ಕಮ್ಮ, ಎಂಟೂವರೆಗೆ ಮಣ್ಣಿಯಲ್ಲಿ ಕಾಲು ಚಮಚ ಕೊಟ್ಟೆ. ಹತ್ತೂವರೆವರೆಗೆ ದೊಡ್ಡಜ್ಜಿ ಅದರ ಮುಖ ಬಿಟ್ಟು ಏಳಲಿಲ್ಲ, ಚಾ ಕೂಡ ಕುಡಿಯಲಿಲ್ಲ. ಏನೂ ಆಗ್ಲಿಲ್ಲ." ಭಾವನಿಗೆ ಈಗ ಆಮ್ಲೆಟ್ ತಿಂದ ಮೇಲೆ ಸೋಪು ಕಡ್ಡಾಯವಂತೆ.

ದೊಡ್ಡಮ್ಮ ಒಂದು ಷರತ್ತು ಹಾಕಿದ್ದಾರೆ. ವಾರಕ್ಕೆ ಎರಡು ಸಲ ಕೊಡಿ, ಆದರೆ ಸೋಮವಾರ, ಶನಿವಾರ ಮಾತ್ರ ಬೇಡ. ಆಯ್ತು ದೊಡ್ಡಮ್ಮ. ಐದು ದಿನ ಉಳಿಯಿತಲ್ಲ.