“ನೋಡೋಣ” ಎನ್ನುವುದು ಉತ್ತರವಲ್ಲ

ನಿನ್ನೆ ಸಂಜೆ ಶಿರಸಿಯ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ ಅಕ್ಕನ ಮಗಳು ಫೋನನ್ನು ನನ್ನ ಕೈಗಿತ್ತು, “ಇನ್ನೊಂದು ಸಲ ಕೇಳಿದರೆ ತಪ್ಪು ತಿಳಿದುಕೊಂಡಾರಾ ಮಾವ?” ಎಂದಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಜನವರಿಯಿಂದ ಅವಳ ಇಂಟರ್ನ್‌ಶಿಪ್ ನಡೆಯುತ್ತಿದೆ, ಜೂನ್ 30ಕ್ಕೆ ಮುಗಿಯುತ್ತದೆ. ಕಾಯಂ ಕೆಲಸಕ್ಕೆ ತೆಗೆದುಕೊಳ್ಳುವ ವಿಚಾರ ಏನಾಯಿತೆಂದು ಅವಳು ಒಂದು ತಿಂಗಳಲ್ಲಿ ಮೂರು ಸಲ ಕೇಳಿದ್ದಾಳೆ. ಮೂರು ಸಲವೂ ಮ್ಯಾನೇಜರರಿಂದ ಬಂದದ್ದು ಒಂದೇ ಮಾತು: ಕೆಲಸ ಚೆನ್ನಾಗಿದೆ, ನೋಡೋಣ.

ಆ “ನೋಡೋಣ” ಓದಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವಳಿರುವ ಪಿಜಿಯಲ್ಲಿ ಒಂದು ತಿಂಗಳು ಮೊದಲೇ ತಿಳಿಸದಿದ್ದರೆ ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ತಿಳಿಸಬೇಕಾದ ದಿನ ಕಳೆದುಹೋಗಿದೆ. ಈ ಇಂಟರ್ನ್‌ಶಿಪ್ ಒಪ್ಪಿಕೊಂಡದ್ದರಿಂದ ಕಾಲೇಜಿನ ಉಳಿದ ಕ್ಯಾಂಪಸ್ ಸಂದರ್ಶನಗಳಿಗೂ ಅವಳು ಕೂರಲಿಲ್ಲ. ಅವಳು ಕಾಯುವ ಒಂದೊಂದು ವಾರಕ್ಕೂ ಬೆಲೆ ಇದೆ, ಆ ಬೆಲೆಯನ್ನು ತೆರುವವಳು ಅವಳೊಬ್ಬಳೇ.

ಹನ್ನೆರಡು ವರ್ಷ ಇಂಥ ಕಚೇರಿಗಳಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಇಂಟರ್ನ್ ಒಬ್ಬರು ಕಾಯಂ ಆಗುವುದು ಸಾಮಾನ್ಯವಾಗಿ ಒಬ್ಬರ ಕೈಯಲ್ಲಿರುವುದಿಲ್ಲ. ಮೊದಲು ಮ್ಯಾನೇಜರ್ ಮೌಲ್ಯಮಾಪನ ಬರೆದು ಶಿಫಾರಸು ಮಾಡಬೇಕು. ಆಮೇಲೆ ಆ ತಂಡಕ್ಕೆ ಒಂದು ಹುದ್ದೆ, ಅಂದರೆ ಹೆಡ್‌ಕೌಂಟ್, ಮಂಜೂರಾಗಿರಬೇಕು. ಅದನ್ನು ವಿಭಾಗದ ಮುಖ್ಯಸ್ಥರೂ ಹಣಕಾಸಿನವರೂ ನೋಡುತ್ತಾರೆ. ಇವೆರಡೂ ಆದ ಮೇಲೆ ಎಚ್‌ಆರ್‌ನವರು ಹುದ್ದೆ, ಸಂಬಳ ಮತ್ತು ಸೇರುವ ದಿನಾಂಕವಿರುವ ಪತ್ರ ಕೊಡುತ್ತಾರೆ. “ಕೆಲಸ ಚೆನ್ನಾಗಿದೆ” ಎಂಬುದು ಮೊದಲ ಹಂತದ ಮಾತು ಮಾತ್ರ. ಹುದ್ದೆಯೇ ಇಲ್ಲದಿದ್ದರೆ ಎಷ್ಟು ಒಳ್ಳೆಯ ಶಿಫಾರಸಾದರೂ ಅಲ್ಲಿಯೇ ನಿಲ್ಲುತ್ತದೆ. ಇದು ಮ್ಯಾನೇಜರಿಗೆ ಗೊತ್ತಿರುತ್ತದೆ, ಇಂಟರ್ನ್‌ಗೆ ಗೊತ್ತಿರುವುದಿಲ್ಲ.

ಮಂಜೂರಾತಿ ಮೇಲಿನವರ ಕೈಯಲ್ಲಿರುವಾಗ ಪಾಪ ಆ ಮ್ಯಾನೇಜರ್ ಏನು ಹೇಳಿಯಾರು ಎಂದು ಕೆಲವರು ಕೇಳಬಹುದು. ಅದನ್ನೇ ಹೇಳಲಿ. “ನನ್ನ ಶಿಫಾರಸು ಹೋಗಿದೆ, ಹುದ್ದೆ ಇನ್ನೂ ಮಂಜೂರಾಗಿಲ್ಲ, ಇಂಥ ದಿನ ತಿಳಿಸುತ್ತೇನೆ” ಎನ್ನಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಅಡಿಕೆ ತೋಟದಲ್ಲಿ ಮರ ಹತ್ತಿ ಕೊಳೆರೋಗಕ್ಕೆ ಮದ್ದು ಹೊಡೆಯುವ ಕೊನೆಗೌಡ, ಮಳೆಯನ್ನು ಯಾರೂ ಹಿಡಿದಿಡಲಾರರೆಂದು ತಿಳಿದೂ ಒಂದು ದಿನ ಹೇಳುತ್ತಾನೆ, ಮಳೆ ಬಿಡದಿದ್ದರೆ ಹಿಂದಿನ ರಾತ್ರಿಯೇ ಫೋನ್ ಮಾಡುತ್ತಾನೆ.

ಈ ಸಿಟ್ಟಿಗೆ ಇನ್ನೊಂದು ಕಾರಣವನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ತಂಡದಲ್ಲಿದ್ದ ಹುಡುಗನೊಬ್ಬನಿಗೆ, ಹುದ್ದೆ ಸಿಗುವುದು ಕಷ್ಟವೆಂದು ತಿಳಿದಿದ್ದರೂ, ನಾನು ಐದು ವಾರ “ನೋಡೋಣ” ಎಂದೇ ಹೇಳಿದ್ದೆ. ಅವನ ಮುಖ ಸಣ್ಣದಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ನನ್ನ ಮಾತು ನಂಬಿ ಅವನು ಕೈಯಲ್ಲಿದ್ದ ಇನ್ನೊಂದು ಕೆಲಸವನ್ನು ಬಿಟ್ಟ. ಕೊನೆಯ ದಿನ ಅವನು ನನ್ನ ಮೇಜಿನ ಮೇಲೆ ಗುರುತಿನ ಚೀಟಿ ಇಟ್ಟು ಹೋದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಹಾಗಾಗಿ ನಿನ್ನೆ ನಾವಿಬ್ಬರೂ ಕುಳಿತು ಪತ್ರವೊಂದನ್ನು ಬರೆದೆವು. ಅವಳ ಮೊದಲಿನ ಮೂರೂ ಸಂದೇಶಗಳಲ್ಲಿ “ಏನಾದರೂ ತಿಳಿಯಿತೇ ಸರ್?” ಎಂದಷ್ಟೇ ಇತ್ತು, ಅದಕ್ಕೆ “ಇನ್ನೂ ಇಲ್ಲ” ಎಂದುಬಿಡುವುದು ಸುಲಭ. ಈ ಸಲ ಕೇಳಿದ್ದು ಹೀಗೆ: ನನ್ನ ಮೌಲ್ಯಮಾಪನ ಸಲ್ಲಿಕೆಯಾಗಿದೆಯೇ? ಈ ತಂಡದಲ್ಲಿ ಅಥವಾ ಬೇರೆ ತಂಡದಲ್ಲಿ ಮಂಜೂರಾದ ಹುದ್ದೆ ಇದೆಯೇ? ಅಂತಿಮ ನಿರ್ಧಾರ ಯಾರದು, ಯಾವ ದಿನದೊಳಗೆ ತಿಳಿಯುತ್ತದೆ? ಕೊನೆಗೆ, ಜುಲೈ ತಿಂಗಳ ವಾಸ್ತವ್ಯದ ಏರ್ಪಾಡು ಮಾಡಬೇಕಿರುವುದರಿಂದ ಕೇಳುತ್ತಿದ್ದೇನೆ ಎಂದು ಒಂದು ಸಾಲು. ಇದರಲ್ಲಿ ಬೇಡುವ ದನಿಯೂ ಇಲ್ಲ, ಬೆದರಿಸುವ ದನಿಯೂ ಇಲ್ಲ. ಈ ಪತ್ರ ಮೇ ತಿಂಗಳ ನಡುವಿನಲ್ಲೇ ಹೋಗಬೇಕಿತ್ತು. ಕೇಳುವುದೇ ಅವಿನಯವೆಂದು ಮನೆಯವರಾದ ನಾವೇ ಅವಳಿಗೆ ಕಲಿಸಿಬಿಟ್ಟಿದ್ದೆವು.

ಇಂದು ಮಧ್ಯಾಹ್ನ ಉತ್ತರ ಬಂತು. ಮೌಲ್ಯಮಾಪನ ಮೇ ತಿಂಗಳಲ್ಲೇ ಹೋಗಿದೆಯಂತೆ, ತಂಡದಲ್ಲಿ ಹುದ್ದೆ ಇಲ್ಲವಂತೆ, ಬೇರೊಂದು ತಂಡದಲ್ಲಿ ವಿಚಾರಿಸಿ 26ರೊಳಗೆ ತಿಳಿಸುತ್ತಾರಂತೆ. ಆಗದಿದ್ದರೆ ಇದೇ ಸ್ಟೈಪೆಂಡಿನಲ್ಲಿ ಮೂರು ತಿಂಗಳು ಮುಂದುವರಿಯಬಹುದಂತೆ. ಮುಂದುವರಿಸುವುದಾದರೆ ಆ ಮೂರು ತಿಂಗಳ ಕೊನೆಗೆ ಹುದ್ದೆ ಇರುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಲು ಹೇಳಿದ್ದೇನೆ, ಏಕೆಂದರೆ ಹುದ್ದೆ ಇಲ್ಲದ ಕಡೆ ಅವಧಿ ಬೆಳೆಸಿದರೆ ಸೆಪ್ಟೆಂಬರಿನಲ್ಲಿ ಇದೇ ಜಗಲಿಯಲ್ಲಿ ಇದೇ ಪ್ರಶ್ನೆ ಏಳುತ್ತದೆ.

ಈ ಒಂದು ಪ್ಯಾರಾ ಒಂದು ತಿಂಗಳ ಹಿಂದೆಯೇ ಬಂದಿದ್ದರೆ ಅವಳ ಮುಂಗಡ ಉಳಿಯುತ್ತಿತ್ತು. ಉತ್ತರ ಓದಿ ಮುಗಿಸಿದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದು ಬೇರೆ ಎರಡು ಕಡೆಗೆ ಅರ್ಜಿ ಹಾಕಿದಳು.