ಒಂಬತ್ತಕ್ಕಿಂತ ಹನ್ನೊಂದೇ ಕಡಿಮೆ: ಕಾರಟಗಿಯ ಮಾವನ ಟ್ರ್ಯಾಕ್ಟರ್ ಸಾಲ

ಕಾರಟಗಿಯಲ್ಲಿರುವ ನನ್ನ ಸೋದರಮಾವ ಟ್ರ್ಯಾಕ್ಟರ್ ಕೊಳ್ಳಲು ಹೊರಟಿದ್ದರು. ಬೇಕಿದ್ದ ಸಾಲ 6 ಲಕ್ಷ, ಅವಧಿ ಐದು ವರ್ಷ. ಎರಡೂ ಭತ್ತದ ಬೆಳೆ ಮಾರಾಟವಾದ ಮೇಲೆ ಕೈಗೆ ಹಣ ಬರುವುದರಿಂದ ಡಿಸೆಂಬರ್ ಮತ್ತು ಜೂನ್‌ನಲ್ಲಿ ಒಂದೊಂದು ಕಂತು, ಒಟ್ಟು ಹತ್ತು. ಬ್ಯಾಂಕಿನವರು ಶೇಕಡಾ 11 ಎಂದಿದ್ದರು. ಒಂದು ಖಾಸಗಿ ಫೈನಾನ್ಸ್‌ನವರು ಶೇಕಡಾ 9 ಎಂದಿದ್ದರು. "ಅಳಿಯಾ, ಇದರಲ್ಲಿ ಯೋಚಿಸುವುದೇನಿದೆ? ಒಂಬತ್ತೇ ಕಡಿಮೆ, ನಾಳೆ ಸಹಿ ಹಾಕುತ್ತೇನೆ" ಎಂದರು. "ಮಾವ, ಒಂದು ರಾತ್ರಿ ತಡೆಯಿರಿ, ಕಂತು ಎಷ್ಟೆಂದು ಮಾತ್ರ ಹೇಳಿ" ಎಂದೆ. ಫೈನಾನ್ಸ್‌ನ ಚೀಟಿಯಲ್ಲಿ ಕಂತು 87,000 ರೂಪಾಯಿ ಎಂದಿತ್ತು.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಆ ಸಂಖ್ಯೆ ನೋಡಿದ ಕೂಡಲೇ ಅನುಮಾನ ಬಂತು. ಆ ರಾತ್ರಿ ಎಕ್ಸೆಲ್‌ನಲ್ಲಿ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಇದನ್ನು ಮಾಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಬ್ಯಾಂಕಿನ ಸಾಲ. B1ರಲ್ಲಿ ಅಸಲು 600000, B2ರಲ್ಲಿ ವಾರ್ಷಿಕ ಬಡ್ಡಿ 11%, B3ರಲ್ಲಿ ವರ್ಷ 5, B4ರಲ್ಲಿ ವರ್ಷಕ್ಕೆ ಎಷ್ಟು ಕಂತು ಎಂಬುದು, ಅಂದರೆ 2. ಕಂತನ್ನು B5ರಲ್ಲಿ PMT ಲೆಕ್ಕ ಹಾಕುತ್ತದೆ:

```
=-PMT(B2/B4, B3*B4, B1)
```

ಉತ್ತರ 79,601. ಸಾಲ ಕೈಗೆ ಬರುವ ಹಣ, ಕಂತು ಕೈಯಿಂದ ಹೋಗುವ ಹಣ ಎಂದು ಎಕ್ಸೆಲ್ ಭಾವಿಸುವುದರಿಂದ ಕಂತನ್ನು ಋಣ ಸಂಖ್ಯೆಯಾಗಿ ತೋರಿಸುತ್ತದೆ. ಮುಂದಿರುವ ಮೈನಸ್ ಚಿಹ್ನೆ ಅದನ್ನು ಸರಿಪಡಿಸಲು ಮಾತ್ರ. ನಂತರ 8ನೇ ಸಾಲಿನಿಂದ ಪಟ್ಟಿ ಆರಂಭ. A8ರಿಂದ ಕೆಳಗೆ 1ರಿಂದ 10ರವರೆಗೆ ಕಂತಿನ ಸಂಖ್ಯೆ. B8, C8, D8ರಲ್ಲಿ ಕ್ರಮವಾಗಿ ಆ ಕಂತಿನೊಳಗಿನ ಬಡ್ಡಿ, ಅಸಲು ಮತ್ತು ಉಳಿದ ಬಾಕಿ:

```
=-IPMT($B$2/$B$4, A8, $B$3*$B$4, $B$1)
=-PPMT($B$2/$B$4, A8, $B$3*$B$4, $B$1)
=$B$1-SUM(C$8:C8)
```

ಈ ಮೂರನ್ನೂ ಹತ್ತು ಸಾಲಿಗೆ ಕೆಳಗೆಳೆದರೆ ಪಟ್ಟಿ ಸಿದ್ಧ. ಡಾಲರ್ ಚಿಹ್ನೆ ಬಿಟ್ಟರೆ ಎರಡನೇ ಸಾಲಿನಲ್ಲೇ ಬಡ್ಡಿದರದ ಜಾಗಕ್ಕೆ ವರ್ಷದ ಸಂಖ್ಯೆ ಬಂದು ಕೂರುತ್ತದೆ.

ನಮ್ಮ ಭಾಗದವರು ಎಡವುವುದು B4ರಲ್ಲಿ. ಸಾಲದ ಲೆಕ್ಕ ಕಲಿಸುವ ವಿಡಿಯೊಗಳಲ್ಲಿ ಸಾಮಾನ್ಯವಾಗಿ ತಿಂಗಳ ಕಂತು ಇರುತ್ತದೆ, ಬಡ್ಡಿಯನ್ನು 12ರಿಂದ ಭಾಗಿಸುತ್ತಾರೆ. ಅದನ್ನೇ ನೋಡಿ ಹತ್ತು ಅರ್ಧವಾರ್ಷಿಕ ಕಂತುಗಳಿಗೂ 12ರಿಂದ ಭಾಗಿಸಿದರೆ ಮೊದಲ ಕಂತಿನ ಬಡ್ಡಿ 5,500 ಎಂದು ಬರುತ್ತದೆ. ನೋಡಲು ಹಿತವಾಗಿರುತ್ತದೆ, ಆದರೆ ಅದು ಒಂದೇ ತಿಂಗಳ ಬಡ್ಡಿ. ಆರು ಲಕ್ಷಕ್ಕೆ ವರ್ಷಕ್ಕೆ 66,000, ಅರ್ಧ ವರ್ಷಕ್ಕೆ 33,000: ಇಷ್ಟನ್ನು ಬಾಯಲ್ಲೇ ಲೆಕ್ಕ ಹಾಕಬಹುದು. ಮೊದಲ ಸಾಲಿನ ಬಡ್ಡಿ ಈ ಮೊತ್ತಕ್ಕೆ ಹೊಂದದಿದ್ದರೆ ಪಟ್ಟಿ ತಪ್ಪು. ಕೊನೆಯ ಸಾಲಿನ ಬಾಕಿ ಸೊನ್ನೆಗೆ ಇಳಿಯದಿದ್ದರೂ ತಪ್ಪು. ಬಾಕಿ ಸೊನ್ನೆಯಾದ ಮಾತ್ರಕ್ಕೆ ಸರಿ ಎನ್ನುವಂತೆಯೂ ಇಲ್ಲ. ಕಂತನ್ನು ಹತ್ತೇ ಇಟ್ಟು ಬಡ್ಡಿದರವನ್ನು ಮಾತ್ರ 12ರಿಂದ ಭಾಗಿಸಿದ ತಪ್ಪು ಪಟ್ಟಿಯೂ ಸೊನ್ನೆಗೇ ಇಳಿಯುತ್ತದೆ. ಆದ್ದರಿಂದ ಎರಡನ್ನೂ ನೋಡಬೇಕು.

ಮಾವನ ಪಟ್ಟಿಯಲ್ಲಿ ಮೊದಲ ಕಂತಿನ 79,601ರಲ್ಲಿ ಬಡ್ಡಿ 33,000, ಅಸಲು 46,601. ಹತ್ತನೆಯ ಕಂತಿಗೆ ಬಂದಾಗ ಬಡ್ಡಿ ಕೇವಲ 4,150. ಬಾಕಿ ಕರಗಿದಂತೆ ಬಡ್ಡಿಯೂ ಕರಗುತ್ತದೆ. ಇದಕ್ಕೆ ಇಳಿಕೆ ಬಾಕಿಯ ಮೇಲಿನ ಬಡ್ಡಿ ಎನ್ನುತ್ತಾರೆ.

ಈಗ ಫೈನಾನ್ಸ್‌ನ ಚೀಟಿ. B2ರಲ್ಲಿ 9% ಹಾಕಿದಾಗ ಕಂತು 75,827 ಬಂತು. ಅವರು ಕೇಳುತ್ತಿದ್ದುದು 87,000. ಅವರ ಲೆಕ್ಕ ಫ್ಲಾಟ್ ಬಡ್ಡಿಯದು. ಆರು ಲಕ್ಷಕ್ಕೆ ವರ್ಷಕ್ಕೆ 54,000, ಐದು ವರ್ಷಕ್ಕೆ 2,70,000. ಅದನ್ನು ಅಸಲಿಗೆ ಸೇರಿಸಿ ಹತ್ತರಿಂದ ಭಾಗಿಸಿದ್ದರು. ಅಂದರೆ ಪ್ರತಿ ಕಂತಿನಲ್ಲೂ 60,000 ಅಸಲು, 27,000 ಬಡ್ಡಿ. ಹತ್ತನೆಯ ಕಂತನ್ನು ಕಣ್ಣಮುಂದೆ ತಂದುಕೊಳ್ಳಿ. ಆಗ ಮಾವನ ಕೈಯಲ್ಲಿ ಉಳಿದಿರುವ ಸಾಲ 60,000 ಮಾತ್ರ. ಅದಕ್ಕೆ ಆರು ತಿಂಗಳಿಗೆ 27,000 ಬಡ್ಡಿ! ತೀರಿಸಿದ ಹಣಕ್ಕೂ ಮೊದಲ ದಿನದಂತೆಯೇ ಬಡ್ಡಿ ಕಟ್ಟಿಸಿಕೊಳ್ಳುವ ಈ ಲೆಕ್ಕವನ್ನು "ಶೇಕಡಾ ಒಂಬತ್ತು" ಎಂದು ಕರೆಯುವುದು ನನಗೆ ಮೋಸವಾಗಿಯೇ ಕಾಣುತ್ತದೆ. ನಿಜವಾದ ದರವನ್ನು RATE ಹೇಳುತ್ತದೆ. ಇದನ್ನು B2ರಲ್ಲೇ ಬರೆದೆ:

```
=RATE(10,-87000,600000)*2
```

ಉತ್ತರ 14.79%. ಪಟ್ಟಿ ತಾನಾಗಿಯೇ ಬದಲಾಯಿತು. ಮೊದಲ ಕಂತಿನಲ್ಲಿ ಬಡ್ಡಿ 44,381, ಅಸಲು 42,619. ಕಂತಿನ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಗುತ್ತಿತ್ತು.

ಬೆಳಿಗ್ಗೆ ಫೋನಿನಲ್ಲಿ ಮಾವ ಒಳ್ಳೆಯ ಪ್ರಶ್ನೆ ಕೇಳಿದರು: "ಎರಡು ವರ್ಷ ಬೆಳೆ ಚೆನ್ನಾಗಿ ಬಂದು ಸಾಲ ಒಮ್ಮೆಗೇ ತೀರಿಸಿದರೆ?" ನಾಲ್ಕು ಕಂತು ಕಟ್ಟಿದ ಮೇಲೆ, ಕಂತಿಗೆ 60,000ದಂತೆ 2,40,000 ತೀರಿದೆ, ಇನ್ನು 3,60,000 ಉಳಿದಿದೆ ಎಂದು ಅವರ ಎಣಿಕೆ. ಫೈನಾನ್ಸ್‌ನವರು ಮುಕ್ತಾಯದ ಬಾಕಿಯನ್ನು 14.79ರ ಪಟ್ಟಿಯಂತೆ ಹಾಕಿದರೆ D11ರಲ್ಲಿ ಕಾಣುವುದು ಸುಮಾರು 4,09,650. ಸುಮಾರು 50,000 ರೂಪಾಯಿಯ ಈ ಅಂತರ ಎಲ್ಲಿಂದ ಬಂತೆಂದು ತಿಳಿಯದೆ ಕೌಂಟರಿನ ಮುಂದೆ ಜಗಳಕ್ಕೆ ನಿಂತವರನ್ನು ನಾನು ಕಂಡಿದ್ದೇನೆ. ಮುಂಚಿತವಾಗಿ ಮುಗಿಸಿದರೆ ಯಾವ ಪಟ್ಟಿಯಂತೆ ಬಾಕಿ ಹಾಕುತ್ತೀರಿ ಎಂದು ಸಹಿಗೆ ಮುಂಚೆಯೇ ಕೇಳಬೇಕು.

ಈ ಪಟ್ಟಿಗೊಂದು ಮಿತಿ ಇದೆ, ಕಾಲುವೆ ಕೊನೆಯಂಚಿನ ರೈತರಿಗೆ ಅದು ತಿಳಿದಿರಬೇಕು. IPMT ಹಿಂದಿನ ಎಲ್ಲ ಕಂತುಗಳೂ ಹೊತ್ತಿಗೆ ಸರಿಯಾಗಿ, ಪೂರ್ತಿಯಾಗಿ ಸಂದಾಯವಾಗಿವೆ ಎಂದೇ ನಂಬುತ್ತದೆ. ತುಂಗಭದ್ರಾ ಜಲಾಶಯದಲ್ಲಿ ನೀರಿಲ್ಲದೆ ಎರಡನೇ ಬೆಳೆ ತಪ್ಪಿ ಜೂನ್ ಕಂತು ಅರ್ಧ ಮಾತ್ರ ಕಟ್ಟಿದರೆ, ಅದರ ನಂತರದ ಸಾಲುಗಳೆಲ್ಲ ಸುಳ್ಳಾಗುತ್ತವೆ. ಆಗ ಆ ಸಾಲಿನಿಂದ IPMT ಬಿಟ್ಟು, ಹಿಂದಿನ ಬಾಕಿಯನ್ನೇ ದರದಿಂದ ಗುಣಿಸಬೇಕು. 9ನೇ ಸಾಲಿನಲ್ಲಿ ಹಾಗೆ ಮಾಡುವುದಾದರೆ:

```
=D8*$B$2/$B$4
```

E ಕಂಬದಲ್ಲಿ ನಿಜವಾಗಿ ಕಟ್ಟಿದ ಹಣವನ್ನು ಬರೆದು, ಅದರಿಂದ ಬಡ್ಡಿ ಕಳೆದು ಉಳಿದದ್ದನ್ನು ಅಸಲಿನ ಕಂಬಕ್ಕೆ ಹಾಕಬೇಕು. ತಡವಾದ ಕಂತಿನ ದಂಡ ಈ ಪಟ್ಟಿಯಲ್ಲಿ ಬರುವುದಿಲ್ಲ. ಅದನ್ನು ಒಪ್ಪಂದದಲ್ಲೇ ಓದಬೇಕು.

ಕೇಳುವ ಹಕ್ಕೂ ನಮಗಿದೆ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 15ರ ಸುತ್ತೋಲೆಯಲ್ಲಿ, ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೂ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅವಧಿ ಸಾಲಗಳಿಗೂ ಮುಖ್ಯಾಂಶಗಳ ಪತ್ರ ಕೊಡುವುದನ್ನು ಕಡ್ಡಾಯ ಮಾಡಿದೆ. ಫೈನಾನ್ಸ್ ಕಂಪನಿಗಳಿಗೂ ಇದು ಅನ್ವಯ. ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಮತ್ತು ಕಂತುವಾರು ಪಟ್ಟಿ ಎರಡೂ ಅದರಲ್ಲಿ, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು.

ಮಾವ ಆ ಪತ್ರವನ್ನು ಕೇಳಿದರು. "ನಾಳೆ ಕೊಡುತ್ತೇವೆ" ಎಂದವರು ಮೂರು ದಿನವಾದರೂ ಕೊಡಲಿಲ್ಲ. ನಾಲ್ಕನೆಯ ದಿನ ಮಾವ ಬ್ಯಾಂಕಿಗೆ ಹೋಗಿ 79,601ರ ಕಂತಿಗೆ ಸಹಿ ಹಾಕಿ ಬಂದರು. ಕಂತಿಗೆ 7,399 ರೂಪಾಯಿ ಉಳಿಯಿತು, ಹತ್ತು ಕಂತಿಗೆ ಸುಮಾರು 74,000. ನನ್ನ ಪಟ್ಟಿಯನ್ನು ಅವರು ಮುದ್ರಿಸಿಕೊಂಡು ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡಿದ್ದಾರೆ. ಮೊದಲ ಕಂತು ಕಟ್ಟಿದ ದಿನ ಬಾಕಿ 5,53,399 ಎಂದು ರಸೀದಿಯೊಂದಿಗೆ ತಾಳೆ ನೋಡಿ ನನಗೆ ಫೋನ್ ಮಾಡಿದ್ದರು.